ನೂರು ಪೆಟ್ಟಿಗೆಗೆ ಇಡೀ ಕಂಟೇನರ್ ಬೇಕೆ?

ಚೆನ್ನೈನಿಂದ ಜರ್ಮನಿಯ ಹ್ಯಾಂಬರ್ಗ್‌ಗೆ ಒಂದು ಘನಮೀಟರ್ ಸರಕು ಒಯ್ಯಲು ಸಮುದ್ರ ಬಾಡಿಗೆ ಕೆಲವೇ ಡಾಲರ್ ಎಂದು ದರಪಟ್ಟಿ ಬರುವುದುಂಟು. ಕೆಲವು ಮಾರ್ಗಗಳಲ್ಲಿ, ಕೆಲವು ಕಾಲದಲ್ಲಿ ಬಾಡಿಗೆ ಸೊನ್ನೆ ಎಂದೇ ಬರೆದಿರುತ್ತದೆ. ಹೊಸದಾಗಿ ರಫ್ತಿಗೆ ಇಳಿದವರು ಇದನ್ನು ಕಂಡು ಖುಷಿಪಡುತ್ತಾರೆ. ಹಾಗೆಂದು ಹಡಗಿನವರು ಯಾರ ಸರಕನ್ನೂ ಪುಕ್ಕಟೆ ಸಾಗಿಸುವುದಿಲ್ಲ. ಆ ದುಡ್ಡು ಬೇರೆ ಊರಿನಲ್ಲಿ, ಬೇರೆಯವರ ಕೈಯಿಂದ ವಸೂಲಾಗುತ್ತದೆ. ಚಿಕ್ಕ ರಫ್ತುದಾರನೊಬ್ಬ ಪಾಲಿನ ಕಂಟೇನರಿನಲ್ಲಿ ಸರಕು ಕಳಿಸಬೇಕೇ, ಇಡೀ ಕಂಟೇನರನ್ನೇ ಹಿಡಿಯಬೇಕೇ ಎಂಬ ಲೆಕ್ಕ ತಪ್ಪುವುದು ಸಾಮಾನ್ಯವಾಗಿ ಇಲ್ಲಿಯೇ.

ಒಂದು ಉದಾಹರಣೆ ಹಿಡಿದು ನೋಡೋಣ. ಚನ್ನಪಟ್ಟಣದಲ್ಲಿ ಮರದ ಗೊಂಬೆ ಮಾಡಿಸುವ ಒಬ್ಬರಿಗೆ ಹ್ಯಾಂಬರ್ಗ್‌ನ ಆಟಿಕೆ ವ್ಯಾಪಾರಿಯೊಬ್ಬರು ನೂರು ಪೆಟ್ಟಿಗೆ ಮಾಲು ಕೇಳಿದ್ದಾರೆ ಅಂದುಕೊಳ್ಳಿ. ಒಂದೊಂದು ರಟ್ಟಿನ ಪೆಟ್ಟಿಗೆ 60 ಸೆಂಟಿಮೀಟರ್ ಉದ್ದ, 40 ಅಗಲ, 40 ಎತ್ತರ, ತೂಕ 14 ಕಿಲೋ. ಆಲೆ ಮರ ಹಗುರ, ಅರಗಿನ ಬಣ್ಣಕ್ಕೆ ತೂಕವೆಂಬುದೇ ಇಲ್ಲ. ಹಾಗಾಗಿ ನೂರು ಪೆಟ್ಟಿಗೆ ಸೇರಿದರೂ ತೂಕ ಒಂದು ಟನ್ 400 ಕಿಲೋ ಅಷ್ಟೆ. ಆದರೆ ಅವು ತಿನ್ನುವ ಜಾಗ 9.6 ಘನಮೀಟರ್. ಈ ವ್ಯವಹಾರದಲ್ಲಿ ಇರುವವರೆಲ್ಲ ಘನಮೀಟರನ್ನು ಸಿಬಿಎಂ ಎನ್ನುತ್ತಾರೆ.

ಇಡೀ ಕಂಟೇನರ್ ಹಿಡಿದರೆ ಅದು ಎಫ್‌ಸಿಎಲ್. ಒಳಗೆ ಹತ್ತು ಪೆಟ್ಟಿಗೆ ಇಟ್ಟರೂ ಇನ್ನೂರು ಇಟ್ಟರೂ ಬಾಡಿಗೆ ಒಂದೇ. ಎಲ್‌ಸಿಎಲ್ ಎಂದರೆ ಪಾಲಿನ ಕಂಟೇನರ್. ಕನ್ಸಾಲಿಡೇಟರ್ ಎಂಬ ಮಧ್ಯವರ್ತಿ ಹಡಗು ಕಂಪನಿಯಿಂದ ಇಡೀ ಕಂಟೇನರನ್ನು ತನ್ನ ಹೆಸರಿನಲ್ಲಿ ಬಾಡಿಗೆಗೆ ಹಿಡಿದು, ಅದರೊಳಗಿನ ಜಾಗವನ್ನು ಹತ್ತಾರು ರಫ್ತುದಾರರಿಗೆ ಸಿಬಿಎಂ ಲೆಕ್ಕದಲ್ಲಿ ಮಾರುತ್ತಾನೆ. ಹಡಗು ಕಂಪನಿ ಅವನಿಗೆ ಮಾಸ್ಟರ್ ಬಿಎಲ್ ಕೊಡುತ್ತದೆ, ಅವನು ರಫ್ತುದಾರರಿಗೆ ತಲಾ ಒಂದು ಹೌಸ್ ಬಿಎಲ್ ಕೊಡುತ್ತಾನೆ. ಅಂದರೆ ನಮ್ಮ ಗೊಂಬೆಯವರ ಹೆಸರು ಹಡಗು ಕಂಪನಿಯ ಬಿಎಲ್‌ನಲ್ಲಿ ಇರುವುದೇ ಇಲ್ಲ. ಸರಕು ಎಲ್ಲಿದೆ ಎಂದು ಹಡಗು ಕಂಪನಿಯನ್ನು ನೇರ ಕೇಳಿದರೆ ಉತ್ತರ ಸಿಗದಿರುವುದಕ್ಕೆ ಕಾರಣ ಇದು.

ಸಿಬಿಎಂ ಲೆಕ್ಕಕ್ಕೆ ಒಂದು ಷರತ್ತಿದೆ. ಒಂದು ಸಿಬಿಎಂ ಮತ್ತು ಒಂದು ಟನ್, ಇವೆರಡರಲ್ಲಿ ಯಾವ ಸಂಖ್ಯೆ ದೊಡ್ಡದೋ ಅದಕ್ಕೆ ಹಣ ಕೊಡಬೇಕು. ಗ್ರಾನೈಟ್ ಕಳಿಸುವವರಿಗೆ ಒಂದು ಘನಮೀಟರ್ ಕಲ್ಲೇ ಎರಡೂವರೆ ಟನ್ ದಾಟುವುದರಿಂದ ತೂಕದ ಲೆಕ್ಕ ಬೀಳುತ್ತದೆ. ಗೊಂಬೆಯವರಿಗೆ 1.4 ಟನ್ನಿಗಿಂತ 9.6 ಸಿಬಿಎಂ ದೊಡ್ಡದು, ಹಾಗಾಗಿ ಅವರು ಕೊಡುವುದು ಜಾಗದ ದುಡ್ಡು. ಪೆಟ್ಟಿಗೆಯೊಳಗಿನ ಗಾಳಿಗೂ ಬಾಡಿಗೆ ಬೀಳುತ್ತದೆ.

ಪಾಲಿನ ಕಂಟೇನರ್ ತುಂಬುವ ಜಾಗವೇ ಕಂಟೇನರ್ ಫ್ರೈಟ್ ಸ್ಟೇಷನ್, ಎಲ್ಲರ ಬಾಯಲ್ಲೂ ಸಿಎಫ್‌ಎಸ್. ಕಸ್ಟಮ್ಸ್ ಮಾನ್ಯತೆ ಇರುವ, ಬಂದರಿನ ಹೊರಗಿನ ದೊಡ್ಡ ಗೋದಾಮು ಅದು. ಚೆನ್ನೈ ಸುತ್ತ ಮಾಧವರಂ, ಮಣಲಿ ಕಡೆ ಇವು ಹಲವಿವೆ. ಚನ್ನಪಟ್ಟಣದವರು ಅಲ್ಲಿಯ ತನಕ ಹೋಗಬೇಕೆಂದಿಲ್ಲ. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಕಾನ್‌ಕಾರ್ ನಡೆಸುವ ಒಳನಾಡು ಕಂಟೇನರ್ ಡಿಪೋ, ಅಂದರೆ ಐಸಿಡಿ ಇದೆ. ಕಸ್ಟಮ್ಸ್ ಕೆಲಸವನ್ನು ಅಲ್ಲಿಯೇ ಮುಗಿಸಿ ಸರಕನ್ನು ಚೆನ್ನೈಗೆ ಕಳಿಸಬಹುದು.

ಅಲ್ಲಿ ನಡೆಯುವುದಿಷ್ಟು. ಕಸ್ಟಮ್ಸ್ ಬ್ರೋಕರ್ ಮೊದಲೇ ಶಿಪ್ಪಿಂಗ್ ಬಿಲ್ ಹಾಕಿರುತ್ತಾರೆ. ಲಾರಿ ಬಂದು ಸರಕು ಒಳಗೆ ಇಳಿಸುವುದಕ್ಕೆ ಕಾರ್ಟಿಂಗ್ ಎಂಬ ಹೆಸರಿದೆ. ಇಳಿಸುವಾಗ ಪೆಟ್ಟಿಗೆ ಎಣಿಸಿ, ಟೇಪು ಹಿಡಿದು ಅಳೆದು ಟ್ಯಾಲಿ ಶೀಟಿನಲ್ಲಿ ಬರೆದುಕೊಳ್ಳುತ್ತಾರೆ. ಕಸ್ಟಮ್ಸ್ ಅಧಿಕಾರಿ ಬೇಕೆನಿಸಿದ ಪೆಟ್ಟಿಗೆ ತೆರೆಸಿ ನೋಡಿ, ಸರಿಯಿದ್ದರೆ ರಫ್ತಿಗೆ ಅನುಮತಿ ಕೊಡುತ್ತಾರೆ. ಅದಕ್ಕೆ ಎಲ್‌ಇಒ ಎನ್ನುತ್ತಾರೆ. ಅದು ಸಿಗದ ಸರಕು ಕಂಟೇನರ್ ಹತ್ತುವಂತಿಲ್ಲ. ಕನ್ಸಾಲಿಡೇಟರ್‌ಗೆ ಸಾಮಾನ್ಯವಾಗಿ ವಾರಕ್ಕೊಂದು ಕಂಟೇನರ್, ಅದಕ್ಕೊಂದು ಕಟ್-ಆಫ್ ಸಮಯ. ಕಾಗದದಲ್ಲಿ ಏನೋ ಒಂದು ಎಡವಟ್ಟಾಗಿ ಆ ಸಂಜೆ ಎಲ್‌ಇಒ ಸಿಗದೇ ಹೋದರೆ ಗೊಂಬೆಗಳು ಮುಂದಿನ ವಾರದ ತನಕ ಗೋದಾಮಿನಲ್ಲೇ ಕೂರಬೇಕು.

ಆಮೇಲೆ ಸ್ಟಫಿಂಗ್. ಭಾರವಾದದ್ದು ಕೆಳಗೆ, ಹಗುರವಾದದ್ದು ಮೇಲೆ ಎಂಬುದು ಇಲ್ಲಿಯ ನಿಯಮ. ಚೆನ್ನೈನಲ್ಲಿ ಪಕ್ಕದ ಪಾಲುದಾರನ ಸರಕು ವಾಹನದ ಬಿಡಿಭಾಗವಾಗಿರಬಹುದು, ಚರ್ಮವಾಗಿರಬಹುದು, ಮಸಾಲೆಯೂ ಆಗಿರಬಹುದು. ಮಕ್ಕಳ ಆಟಿಕೆಗೆ ಹದ ಮಾಡಿದ ಚರ್ಮದ ವಾಸನೆ ಹತ್ತಿದರೆ ಅಂಗಡಿಯವರು ಸುಮ್ಮನಿರುವುದಿಲ್ಲ. ನಾಲ್ಕೈದು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಮುಚ್ಚಿದ ಉಕ್ಕಿನ ಪೆಟ್ಟಿಗೆಯಲ್ಲಿ ಇರುವ ಸರಕಿದು. ಪೆಟ್ಟಿಗೆಯೊಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲದ ಹೊದಿಕೆ, ತೇವ ಹೀರುವ ಪೊಟ್ಟಣ ಹಾಕುವ ಖರ್ಚನ್ನು ಎಲ್‌ಸಿಎಲ್‌ನಲ್ಲಿ ಉಳಿಸಲು ಹೋಗಬಾರದು. ಕಂಟೇನರ್ ತುಂಬಿದ ಮೇಲೆ ಸೀಲ್ ಹಾಕಿ, ಒಟ್ಟು ತೂಕ ದೃಢೀಕರಿಸಿ ಬಂದರಿಗೆ ಕಳಿಸುತ್ತಾರೆ. ಈ ತೂಕದ ದೃಢೀಕರಣ 2016ರ ಜುಲೈ 1ರಿಂದ ಜಗತ್ತಿನೆಲ್ಲೆಡೆ ಕಡ್ಡಾಯ.

ಟೇಪಿನ ವಿಷಯಕ್ಕೆ ಸ್ವಲ್ಪ ಹಿಂದೆ ಹೋಗಬೇಕು, ಏಕೆಂದರೆ ದುಡ್ಡು ಸೋರುವ ಮೊದಲ ತೂತು ಅಲ್ಲಿದೆ. ರಫ್ತುದಾರರು ಪ್ಯಾಕಿಂಗ್ ಲಿಸ್ಟಿನಲ್ಲಿ ಬರೆಯುವುದು ಪೆಟ್ಟಿಗೆ ತಯಾರಿಸುವವರು ಕೊಟ್ಟ ಅಳತೆ. ಸಿಎಫ್‌ಎಸ್‌ನಲ್ಲಿ ಅಳೆಯುವುದು ತುಂಬಿದ ಪೆಟ್ಟಿಗೆಯ ಹೊರಮೈಯನ್ನು, ಅದೂ ಅತಿ ಹೆಚ್ಚು ಉಬ್ಬಿದ ಕಡೆ. ಗೊಂಬೆ ಒತ್ತಿ ತುಂಬಿದ ಪೆಟ್ಟಿಗೆ ಪ್ರತಿ ಬದಿಗೂ ಎರಡು ಸೆಂಟಿಮೀಟರ್ ಉಬ್ಬಿದರೆ 60×40×40 ಹೋಗಿ 62×42×42 ಆಗುತ್ತದೆ. ಕೇಳಲು ಏನೂ ಅಲ್ಲ ಎನಿಸುತ್ತದೆ. ಗುಣಿಸಿ ನೋಡಿದರೆ ನೂರು ಪೆಟ್ಟಿಗೆಯ ಅಳತೆ 9.6ರಿಂದ 10.9 ಸಿಬಿಎಂಗೆ ಏರಿರುತ್ತದೆ. ಮುಂದೆ ನೋಡುವ ದರದಲ್ಲಿ ಆ ಉಬ್ಬಿನ ಬೆಲೆಯೇ ಹದಿಮೂರು ಸಾವಿರ ರೂಪಾಯಿ. ಸರಕು ಹೊರಡುವ ಮುನ್ನ ನಾಲ್ಕಾರು ತುಂಬಿದ ಪೆಟ್ಟಿಗೆಗಳನ್ನು ನೀವೇ ಅಳೆದು, ಟೇಪು ಕಾಣುವಂತೆ ಫೋಟೋ ತೆಗೆದಿಟ್ಟುಕೊಂಡರೆ ತಕರಾರು ಮಾಡಲು ಆಧಾರವಿರುತ್ತದೆ. ಕಂಟೇನರ್ ಮುಚ್ಚಿದ ಮೇಲೆ ಮತ್ತೆ ಅಳೆಯುವವರಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಕೆಳಗಿನ ಅಂಕಿಗಳು ಲೆಕ್ಕದ ದಾರಿ ತೋರಿಸಲು ಹಿಡಿದವು. ಬಾಡಿಗೆ ವಾರವಾರಕ್ಕೂ ಬದಲಾಗುವುದರಿಂದ ಓದುಗರು ತಮ್ಮ ಫಾರ್ವರ್ಡರ್ ಕೊಟ್ಟ ಅಂಕಿಯನ್ನು ಇವುಗಳ ಜಾಗದಲ್ಲಿ ಇಟ್ಟುಕೊಳ್ಳಬೇಕು.

ಎಲ್‌ಸಿಎಲ್‌ನಲ್ಲಿ ಎರಡು ಬಗೆಯ ಖರ್ಚು. ಒಂದು, ಸರಕು ಎಷ್ಟೇ ಇರಲಿ ಪ್ರತಿ ಸಲ ಕೊಡಬೇಕಾದದ್ದು. ಚನ್ನಪಟ್ಟಣದಿಂದ ವೈಟ್‌ಫೀಲ್ಡ್‌ಗೆ ಲಾರಿ 9,000, ಇಲ್ಲಿಯ ಕಸ್ಟಮ್ಸ್ ಮತ್ತು ಕಾಗದಪತ್ರ 11,000, ಹ್ಯಾಂಬರ್ಗ್‌ನಲ್ಲಿ ಏಜೆಂಟನ ಕಾಗದಪತ್ರ 10,000, ಒಟ್ಟು 30,000 ರೂಪಾಯಿ. ಇನ್ನೊಂದು, ಸಿಬಿಎಂಗೆ ಇಷ್ಟು ಎಂದು ಬೆಳೆಯುವುದು. ಚೆನ್ನೈಗೆ ಸಾಗಣೆ ಮತ್ತು ಈ ಕಡೆಯ ಸಿಎಫ್‌ಎಸ್ ಖರ್ಚು 3,500, ಸಮುದ್ರ ಬಾಡಿಗೆ 1,000, ಆ ಕಡೆ ಕಂಟೇನರ್ ಬಿಚ್ಚಿ ಪಾಲು ಬೇರ್ಪಡಿಸುವ ಡೀಸ್ಟಫಿಂಗ್, ಗೋದಾಮು, ಬಂದರಿನ ಖರ್ಚು 5,500. ಒಟ್ಟು ಸಿಬಿಎಂಗೆ 10,000 ರೂಪಾಯಿ. 9.6 ಸಿಬಿಎಂಗೆ 96,000, ಮೇಲೆ 30,000 ಸೇರಿ 1,26,000.

ಈ ಮೊತ್ತದೊಳಗೆ ಸಮುದ್ರ ದಾಟಿಸಿದ ಬಾಡಿಗೆ ಎಷ್ಟು? 9,600 ರೂಪಾಯಿ. ನೂರಕ್ಕೆ ಎಂಟೂ ಇಲ್ಲ. ಹ್ಯಾಂಬರ್ಗ್‌ನಲ್ಲಿ ಬಿದ್ದದ್ದು 62,800, ಅಂದರೆ ಸರಿಸುಮಾರು ಅರ್ಧ. ಕನ್ಸಾಲಿಡೇಟರ್‌ಗಳು ಪರಸ್ಪರ ಪೈಪೋಟಿ ನಡೆಸುವುದು ರಫ್ತುದಾರನ ಕಣ್ಣಿಗೆ ಬೀಳುವ ಸಮುದ್ರ ಬಾಡಿಗೆಯಲ್ಲಿ. ಅಲ್ಲಿ ಬಿಟ್ಟದ್ದನ್ನು ಆ ಕಡೆಯ ಏಜೆಂಟ್ ಕೊಳ್ಳುವವರಿಂದ ವಸೂಲು ಮಾಡಿ ಇಬ್ಬರೂ ಹಂಚಿಕೊಳ್ಳುತ್ತಾರೆ. ಸೊನ್ನೆ ಬಾಡಿಗೆಯ ಹಿಂದಿನ ವ್ಯವಹಾರ ಇದೇ. ಕೊಳ್ಳುವವರಿಗೆ ಆಗ ಬೇರೆ ದಾರಿ ಇರುವುದಿಲ್ಲ, ಸರಕು ಏಜೆಂಟನ ಗೋದಾಮಿನಲ್ಲಿ ಇರುತ್ತದೆ. ಉಚಿತ ದಿನಗಳು ಮುಗಿದರೆ ಬಾಡಿಗೆ ಓಡತೊಡಗುತ್ತದೆ.

ಎಫ್‌ಸಿಎಲ್ ಲೆಕ್ಕ ಸರಳ. ವೈಟ್‌ಫೀಲ್ಡ್‌ನಿಂದ ಖಾಲಿ ಕಂಟೇನರ್ ಚನ್ನಪಟ್ಟಣಕ್ಕೆ ಬಂದು, ಕಾರ್ಖಾನೆಯ ಬಾಗಿಲಲ್ಲೇ ತುಂಬಿಸಿಕೊಂಡು, ಐಸಿಡಿಗೆ ಮರಳಿ ರೈಲು ಹತ್ತಿ ಚೆನ್ನೈಗೆ ಹೋಗಲು 40,000. ಇಪ್ಪತ್ತು ಅಡಿ ಕಂಟೇನರಿನ ಸಮುದ್ರ ಬಾಡಿಗೆ 90,000. ಚೆನ್ನೈ ಬಂದರಿನ ಖರ್ಚು 10,000, ಕಸ್ಟಮ್ಸ್ ಮತ್ತು ಕಾಗದಪತ್ರ 12,000, ಸೀಲು ಮತ್ತು ತೂಕಕ್ಕೆ 2,000. ಹ್ಯಾಂಬರ್ಗ್‌ನಲ್ಲಿ ಬಂದರಿನ ಖರ್ಚು ಮತ್ತು ಕಾಗದಪತ್ರ 31,000. ಎಲ್ಲ ಸೇರಿ 1,85,000 ರೂಪಾಯಿ, ಒಳಗೆ ಎಷ್ಟೇ ತುಂಬಿದರೂ.

ಸಮಬಿಂದು ಕಂಡುಹಿಡಿಯಲು ದೊಡ್ಡ ಗಣಿತ ಬೇಡ. ಎಫ್‌ಸಿಎಲ್‌ನ 1,85,000ದಿಂದ ಎಲ್‌ಸಿಎಲ್‌ನ ಬದಲಾಗದ 30,000 ಕಳೆಯಿರಿ, ಉಳಿದ 1,55,000ವನ್ನು ಸಿಬಿಎಂ ದರ 10,000ದಿಂದ ಭಾಗಿಸಿ. 15.5 ಸಿಬಿಎಂ. ಅದಕ್ಕಿಂತ ಕಡಿಮೆ ಸರಕಾದರೆ ಪಾಲಿನ ಕಂಟೇನರ್ ಅಗ್ಗ, ಹೆಚ್ಚಾದರೆ ಇಡೀ ಕಂಟೇನರ್ ಅಗ್ಗ. ನಮ್ಮ ನೂರು ಪೆಟ್ಟಿಗೆಗೆ ಎಲ್‌ಸಿಎಲ್ ಸರಿ, 59,000 ಉಳಿಯುತ್ತದೆ. ನೂರೈವತ್ತು ಪೆಟ್ಟಿಗೆಯಾದರೆ 1,74,000, ವ್ಯತ್ಯಾಸ ಹನ್ನೊಂದು ಸಾವಿರ ಮಾತ್ರ. ಅಷ್ಟು ಕಡಿಮೆ ವ್ಯತ್ಯಾಸಕ್ಕೆ ನಾನಾಗಿದ್ದರೆ ಇಡೀ ಕಂಟೇನರನ್ನೇ ಹಿಡಿಯುತ್ತಿದ್ದೆ. ಪಕ್ಕದವರ ಸರಕಿನ ವಾಸನೆ, ಟೇಪಿನ ಜಗಳ, ಎರಡು ಗೋದಾಮುಗಳಲ್ಲಿ ಎತ್ತಿ ಇಳಿಸುವ ಪೆಟ್ಟು ಎಲ್ಲ ತಪ್ಪುತ್ತದೆ. ಇನ್ನೂರು ಪೆಟ್ಟಿಗೆಗೆ ಎಲ್‌ಸಿಎಲ್ 2,22,000 ಆಗುತ್ತದೆ, ಅಲ್ಲಿ ಯೋಚಿಸುವುದೇ ಬೇಡ.

ಆದರೆ ಈ 15.5 ಎಂಬುದು ಮಾರುವವರ ಜೇಬು, ಕೊಳ್ಳುವವರ ಜೇಬು ಎರಡನ್ನೂ ಒಂದೇ ಎಂದು ಹಿಡಿದಾಗ ಬಂದ ಅಂಕಿ. ನಿಜಜೀವನದಲ್ಲಿ ಅವು ಬೇರೆ ಬೇರೆ. ಗೊಂಬೆಯವರು ಸಿಐಎಫ್ ಹ್ಯಾಂಬರ್ಗ್ ಎಂದು ಬೆಲೆ ಹೇಳಿದ್ದಾರೆ ಅಂದುಕೊಳ್ಳಿ. ಆಗ ಹ್ಯಾಂಬರ್ಗ್ ಮುಟ್ಟುವ ತನಕದ ಬಾಡಿಗೆ, ವಿಮೆ ಅವರದು, ಅಲ್ಲಿಂದಾಚೆಯ ಖರ್ಚು ಕೊಳ್ಳುವವರದು. ಗೊಂಬೆಯವರ ಜೇಬಿನಿಂದ ಹೋಗುವುದು ಎಲ್‌ಸಿಎಲ್‌ನಲ್ಲಿ 20,000, ಜೊತೆಗೆ ಸಿಬಿಎಂಗೆ 4,500. ಎಫ್‌ಸಿಎಲ್‌ನಲ್ಲಿ 1,54,000. ಇವೆರಡು ಸಮವಾಗುವುದು 29.8 ಸಿಬಿಎಂನಲ್ಲಿ, ಅಂದರೆ ಇಪ್ಪತ್ತು ಅಡಿ ಕಂಟೇನರ್ ಬಹುತೇಕ ತುಂಬಿ ತುಳುಕುವಾಗ! ತಮ್ಮ ಬಿಲ್ಲನ್ನಷ್ಟೇ ನೋಡುವ ರಫ್ತುದಾರರಿಗೆ ಎಲ್‌ಸಿಎಲ್ ಯಾವತ್ತೂ ಅಗ್ಗವಾಗಿಯೇ ಕಾಣುತ್ತದೆ.

ಕೊಳ್ಳುವವರ ಕಡೆಯಿಂದ ನೋಡಿ. ಅವರಿಗೆ ಎಲ್‌ಸಿಎಲ್ ಎಂದರೆ 10,000, ಜೊತೆಗೆ ಸಿಬಿಎಂಗೆ 5,500. ಎಫ್‌ಸಿಎಲ್ ಎಂದರೆ 31,000. ಅವರ ಸಮಬಿಂದು 3.8 ಸಿಬಿಎಂ. ನಲವತ್ತು ಪೆಟ್ಟಿಗೆ ದಾಟಿದರೆ ಅವರಿಗೆ ಇಡೀ ಕಂಟೇನರ್ ಬರುವುದೇ ಲಾಭ. ಹೀಗೆ ಒಂದೇ ಸರಕಿಗೆ ಮೂರು ಸಮಬಿಂದುಗಳು: ಕೊಳ್ಳುವವರಿಗೆ ನಾಲ್ಕರ ಹತ್ತಿರ, ಮಾರುವವರಿಗೆ ಮೂವತ್ತರ ಹತ್ತಿರ, ಇಬ್ಬರೂ ಕೂತು ಲೆಕ್ಕ ಹಾಕಿದರೆ ಹದಿನೈದೂವರೆ. ಮೊದಲ ಸರಕು ಚೆನ್ನಾಗಿ ಮಾರಾಟವಾದರೂ ಎರಡನೇ ಆರ್ಡರ್ ಬರಲಿಲ್ಲ ಎಂದು ದೂರುವ ರಫ್ತುದಾರರ ಹಿಂದೆ ಹಲವು ಸಲ ಈ ನಡುವಿನ ಅಂತರವಿರುತ್ತದೆ. ನಾಲ್ಕೂವರೆ ಸಾವಿರದ ದರ ಆರಿಸಿ ತಾವು ಉಳಿಸಿದೆವೆಂದುಕೊಂಡ ದುಡ್ಡಿನ ಬಿಲ್ಲು ಕೊಳ್ಳುವವರ ಮೇಜಿನ ಮೇಲೆ ಬಿದ್ದಿರುತ್ತದೆ, ಅದೂ ಮುನ್ಸೂಚನೆಯಿಲ್ಲದೆ. ಪಾಲಿನ ಕಂಟೇನರಿನಲ್ಲಿ ಕಳಿಸುವುದಾದರೆ ಎಫ್‌ಸಿಎ ಷರತ್ತಿನಲ್ಲಿ ಬೆಲೆ ಹೇಳಿ, ಸಾಗಣೆದಾರರನ್ನು ಕೊಳ್ಳುವವರೇ ಗೊತ್ತುಮಾಡಿಕೊಳ್ಳಲಿ ಎನ್ನುವುದು ಎಷ್ಟೋ ಸಲ ಎರಡೂ ಕಡೆಗೆ ಒಳ್ಳೆಯದು. ತಮ್ಮ ಊರಿನ ಏಜೆಂಟನ ದರ ಅವರಿಗೆ ಮೊದಲೇ ಗೊತ್ತಿರುತ್ತದೆ.

ಇನ್ನು, ಸಮಬಿಂದು ಒಂದೇ ಕಡೆ ನಿಲ್ಲುವುದಿಲ್ಲ. ಹಡಗು ಬಾಡಿಗೆ ಏರಿದಾಗ ಎಫ್‌ಸಿಎಲ್‌ಗೆ ಪೆಟ್ಟು ಜೋರು, ಏಕೆಂದರೆ ಅದರ ಮೊತ್ತದಲ್ಲಿ ಅರ್ಧದಷ್ಟು ಸಮುದ್ರ ಬಾಡಿಗೆಯೇ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ದಾಳಿಗಳು ಶುರುವಾಗಿ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾದ ತುದಿ ಸುತ್ತಿಕೊಂಡು ಹೋಗತೊಡಗಿದಾಗ ಯುರೋಪಿಗೆ ಕಳಿಸುವವರೆಲ್ಲ ಇದನ್ನು ಅನುಭವಿಸಿದರು. ನಮ್ಮ ಲೆಕ್ಕದಲ್ಲಿ 90,000 ಇದ್ದದ್ದು 1,80,000 ಆಯಿತು, ಎಲ್‌ಸಿಎಲ್ ದರ ಸಿಬಿಎಂಗೆ 12,000ಕ್ಕೆ ಏರಿತು ಎಂದಿಟ್ಟುಕೊಂಡರೆ ಸಮಬಿಂದು ಇಪ್ಪತ್ತು ಸಿಬಿಎಂ ದಾಟುತ್ತದೆ. ಹಾಗಾಗಿ ಹೋದ ವರ್ಷದ ಅಂಕಿಯನ್ನು ಗೋಡೆಗೆ ಅಂಟಿಸಿಕೊಂಡು ಕೂರುವುದರಲ್ಲಿ ಅರ್ಥವಿಲ್ಲ.

ಇಪ್ಪತ್ತು ಅಡಿ ಕಂಟೇನರ್ 33 ಸಿಬಿಎಂ ಎಂದು ಪುಸ್ತಕ ಹೇಳುತ್ತದೆ. ಗೊಂಬೆಯವರು ತಮ್ಮ ಪೆಟ್ಟಿಗೆ 0.096 ಸಿಬಿಎಂ, ಹಾಗಾದರೆ 340 ಪೆಟ್ಟಿಗೆ ಹಿಡಿಯುತ್ತದೆ ಎಂದುಕೊಂಡರೆ ಮೋಸ ಹೋಗುತ್ತಾರೆ. ಒಳಗಿನ ಅಳತೆ ಸುಮಾರು 5.9 ಮೀಟರ್ ಉದ್ದ, 2.35 ಅಗಲ, 2.39 ಎತ್ತರ. 60 ಸೆಂಟಿಮೀಟರಿನ ಪೆಟ್ಟಿಗೆ ಉದ್ದಕ್ಕೆ ಒಂಬತ್ತು ಕೂರುತ್ತವೆ, ಹತ್ತನೆಯದಕ್ಕೆ ಹತ್ತು ಸೆಂಟಿಮೀಟರ್ ಸಾಲದು. 40 ಸೆಂಟಿಮೀಟರಿನ ಅಗಲಕ್ಕೆ ಐದು, ಎತ್ತರಕ್ಕೂ ಐದು. ಆರನೆಯದಕ್ಕೆ ಎತ್ತರದಲ್ಲಿ ಕೊರತೆ ಒಂದೇ ಒಂದು ಸೆಂಟಿಮೀಟರ್! ಒಟ್ಟು 225 ಪೆಟ್ಟಿಗೆ, 21.6 ಸಿಬಿಎಂ. ಕೆಲವನ್ನು ಅಡ್ಡ ತಿರುಗಿಸಿ ಇನ್ನಷ್ಟು ಸೇರಿಸಬಹುದು, ಆದರೂ ಮೂರನೇ ಒಂದರಷ್ಟು ಜಾಗ ಗಾಳಿಗೆ ಹೋಯಿತು.

ಈಗ ಪೆಟ್ಟಿಗೆಯನ್ನು 57×38×38ಕ್ಕೆ ಇಳಿಸಿ. ಉದ್ದಕ್ಕೆ ಹತ್ತು, ಅಗಲಕ್ಕೆ ಆರು, ಎತ್ತರಕ್ಕೆ ಆರು, ಒಟ್ಟು 360 ಪೆಟ್ಟಿಗೆ. ಒಂದೊಂದು ಪೆಟ್ಟಿಗೆ ನೂರಕ್ಕೆ ಹದಿನಾಲ್ಕು ಚಿಕ್ಕದಾಯಿತು, ಕಂಟೇನರಿನೊಳಗಿನ ಮಾಲು ನೂರಕ್ಕೆ ಮೂವತ್ತೇಳು ಹೆಚ್ಚಾಯಿತು. ಬಾಗಿಲಿನ ಚೌಕಟ್ಟು ಒಳಗಿನ ಎತ್ತರಕ್ಕಿಂತ ಸುಮಾರು ಹತ್ತು ಸೆಂಟಿಮೀಟರ್ ತಗ್ಗಿರುವುದರಿಂದ ಕೊನೆಯ ಸಾಲಿನಲ್ಲಿ ಒಂದು ಪದರ ಬಿಡಬೇಕಾಗಬಹುದು, ಉಬ್ಬಿಗೂ ಜಾಗ ಬೇಕು. ಹಾಗಿದ್ದೂ 350ರ ಹತ್ತಿರ ಹೋಗಬಹುದು. ಪೆಟ್ಟಿಗೆ ತಯಾರಿಸುವವರ ಬಳಿ ಸಿದ್ಧವಿದ್ದ ಅಳತೆಯನ್ನು ಒಪ್ಪಿಕೊಂಡು ವರ್ಷಗಟ್ಟಲೆ ಗಾಳಿ ಸಾಗಿಸುವವರು ಬೇಕಾದಷ್ಟಿದ್ದಾರೆ. ಫಾರ್ವರ್ಡರ್ ಜೊತೆ ಐದು ಡಾಲರಿಗೆ ಚೌಕಾಸಿ ಮಾಡುವ ಮುನ್ನ ಪೆಟ್ಟಿಗೆಯ ಅಳತೆ ಬದಲಿಸುವುದು ಲಾಭ.

ಸರಕು ಸಮಬಿಂದುವಿಗಿಂತ ಕಡಿಮೆ ಇರುವವರಿಗೆ ಇನ್ನೊಂದು ಪ್ರಶ್ನೆ ಬರುತ್ತದೆ: ಕಾಯಬಹುದೇ? ತಿಂಗಳಿಗೆ ನೂರು ಪೆಟ್ಟಿಗೆಯಂತೆ ಎರಡು ಸಲ ಎಲ್‌ಸಿಎಲ್‌ನಲ್ಲಿ ಕಳಿಸಿದರೆ 2,52,000. ಎರಡು ತಿಂಗಳಿಗೊಮ್ಮೆ ಇನ್ನೂರನ್ನು ಒಟ್ಟಿಗೆ ಕಳಿಸಿದರೆ 1,85,000. ಉಳಿತಾಯ 67,000. ಮೊದಲ ನೂರು ಪೆಟ್ಟಿಗೆ ಒಂದು ತಿಂಗಳು ಗೋದಾಮಿನಲ್ಲಿ ಕೂರಬೇಕು. ಅದರ ಬೆಲೆ ಎಂಟು ಲಕ್ಷವೆಂದೂ, ಬ್ಯಾಂಕಿನ ಬಡ್ಡಿ ವರ್ಷಕ್ಕೆ ನೂರಕ್ಕೆ ಹನ್ನೆರಡೆಂದೂ ಹಿಡಿದರೆ ಎಂಟು ಸಾವಿರ ಬಡ್ಡಿ. ಲೆಕ್ಕ ಕಾಯುವ ಪರವಾಗಿಯೇ ಇದೆ. ಆದರೆ ಒಪ್ಪಬೇಕಾದವರು ಕೊಳ್ಳುವವರು. ಅವರ ಅಂಗಡಿಗೆ ಅರ್ಧ ಮಾಲು ಒಂದು ತಿಂಗಳು ತಡವಾಗಿ, ಇನ್ನರ್ಧ ಒಟ್ಟಿಗೇ ಬಂದು ಬೀಳುತ್ತದೆ. ಕ್ರಿಸ್‌ಮಸ್‌ಗೆ ಮಾರಬೇಕಾದ ಆಟಿಕೆ ಜನವರಿಯಲ್ಲಿ ಬಂದರೆ ಉಳಿದ 67,000ಕ್ಕೆ ಬೆಲೆಯಿಲ್ಲ. ಮತ್ತೊಂದು ಅಡಚಣೆ, ಇಡೀ ಕಂಟೇನರ್ ಅವರ ಬಾಗಿಲಿಗೆ ಹೋಗಬೇಕಾದರೆ ಉದ್ದದ ಟ್ರೇಲರ್ ನಿಲ್ಲುವ ಜಾಗ, ನಿಗದಿತ ಗಂಟೆಯೊಳಗೆ ಇನ್ನೂರು ಪೆಟ್ಟಿಗೆ ಇಳಿಸುವ ಆಳು ಬೇಕು. ಬೀದಿಬದಿಯ ಚಿಕ್ಕ ಅಂಗಡಿಗೆ ಇವೆರಡೂ ಇರುವುದಿಲ್ಲ. ಆಗ ಅವರು ಹೊರಗಿನ ಗೋದಾಮಿನಲ್ಲಿ ಕಂಟೇನರ್ ಬಿಚ್ಚಿಸಬೇಕು, ಆ ಖರ್ಚನ್ನು ಎಫ್‌ಸಿಎಲ್ ಪಟ್ಟಿಗೆ ಸೇರಿಸಿ ಮತ್ತೆ ಭಾಗಿಸಬೇಕು.

ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ, ನಮ್ಮ ಚಿಕ್ಕ ರಫ್ತುದಾರರು ಅಷ್ಟಾಗಿ ಬಳಸದ ದಾರಿ. ಹ್ಯಾಂಬರ್ಗ್‌ನ ಅದೇ ವ್ಯಾಪಾರಿ ಬೆಂಗಳೂರಿನ ಇನ್ನೊಬ್ಬರಿಂದ ಹತ್ತಿಯ ಬಟ್ಟೆಯೋ ಸೆಣಬಿನ ಚೀಲವೋ ಎಂಟು ಸಿಬಿಎಂ ತರಿಸುತ್ತಿದ್ದಾರೆ ಎನ್ನೋಣ. ಇಬ್ಬರ ಸರಕನ್ನೂ ಇಲ್ಲಿಯ ಸಿಎಫ್‌ಎಸ್‌ನಲ್ಲಿ ಒಂದೇ ಕಂಟೇನರಿಗೆ ತುಂಬಿಸಿ, ಆ ವ್ಯಾಪಾರಿಯ ಹೆಸರಿಗೇ ಕಳಿಸಬಹುದು. ಇದನ್ನು ಬೈಯರ್ಸ್ ಕನ್ಸಾಲಿಡೇಷನ್ ಎನ್ನುತ್ತಾರೆ. ಈ ತುದಿಯಲ್ಲಿ ಎಲ್‌ಸಿಎಲ್, ಆ ತುದಿಯಲ್ಲಿ ಎಫ್‌ಸಿಎಲ್. ಶಿಪ್ಪಿಂಗ್ ಬಿಲ್ ಇಬ್ಬರದೂ ಬೇರೆ ಬೇರೆಯಾಗಿಯೇ ಇರುತ್ತದೆ. ಹ್ಯಾಂಬರ್ಗ್‌ನಲ್ಲಿ ಪಾಲು ಬೇರ್ಪಡಿಸುವ ಕೆಲಸವಿಲ್ಲ, ಹಾಗಾಗಿ ಸಿಬಿಎಂಗೆ 5,500ರ ಬಿಲ್ಲೂ ಇಲ್ಲ. ಪಾಲುದಾರ ಮಾತ್ರ ಊದುಬತ್ತಿಯವರಾಗದಿರಲಿ, ಗೊಂಬೆಗಳೆಲ್ಲ ಪರಿಮಳ ಬೀರುತ್ತ ಜರ್ಮನಿ ತಲುಪುತ್ತವೆ. ವ್ಯಾಪಾರಿಗೆ ಒಂದು ಇಮೇಲ್ ಬರೆದು ಕರ್ನಾಟಕದಿಂದ ಇನ್ನೇನು ತರಿಸುತ್ತೀರಿ ಎಂದು ಕೇಳುವುದರಲ್ಲಿ ಕಳೆದುಕೊಳ್ಳುವುದೇನಿಲ್ಲ.

ಪಾಲಿನ ಕಂಟೇನರನ್ನೇ ಆರಿಸಿದವರು ಎರಡು ಅಪಾಯಗಳನ್ನು ಗಮನದಲ್ಲಿಡಬೇಕು. ಒಬ್ಬ ಪಾಲುದಾರನ ಕಾಗದ ಸರಿಯಿಲ್ಲವೆಂದು ಆ ಕಡೆಯ ಕಸ್ಟಮ್ಸ್ ಕಂಟೇನರನ್ನು ತಡೆದರೆ ಎಲ್ಲರ ಸರಕೂ ನಿಲ್ಲುತ್ತದೆ. ನಿಮ್ಮ ಕಾಗದ ಎಷ್ಟು ಶುದ್ಧವಾಗಿದ್ದರೂ ಅಷ್ಟೆ. ಇದಕ್ಕೆ ಮದ್ದಿಲ್ಲ, ಒಪ್ಪಂದದ ದಿನಾಂಕದಲ್ಲಿ ಎರಡು ವಾರ ಸಡಿಲ ಇಟ್ಟುಕೊಳ್ಳುವುದೊಂದೇ ದಾರಿ.

ಎರಡನೆಯದು ಸದ್ದಿಲ್ಲದ್ದು. ರಫ್ತಿನ ಮೇಲೆ ಕಟ್ಟಿದ ಐಜಿಎಸ್‌ಟಿ ವಾಪಸ್ ಬರಬೇಕಾದರೆ ಸರಕು ದೇಶ ಬಿಟ್ಟಿತು ಎಂದು ಹೇಳುವ ಇಜಿಎಂ ಎಂಬ ಪಟ್ಟಿ ನಿಮ್ಮ ಶಿಪ್ಪಿಂಗ್ ಬಿಲ್ ಜೊತೆ ಹೊಂದಬೇಕು. ಸರಕು ಬೆಂಗಳೂರಿನಲ್ಲಿ ಲಾರಿ ಹತ್ತಿ, ಚೆನ್ನೈನಲ್ಲಿ ಕಂಟೇನರ್ ಸೇರಿ, ಕೊನೆ ಗಳಿಗೆಯಲ್ಲಿ ಇನ್ನೊಂದು ಕಂಟೇನರಿಗೆ ಬದಲಾದರೆ ಕಂಟೇನರ್ ಸಂಖ್ಯೆಯೋ ಪೆಟ್ಟಿಗೆಯ ಎಣಿಕೆಯೋ ತಪ್ಪಾಗಿ ದಾಖಲಾಗುವ ಸಂಭವ ಎಲ್‌ಸಿಎಲ್‌ನಲ್ಲಿ ಹೆಚ್ಚು. ಗೊಂಬೆ ಹ್ಯಾಂಬರ್ಗ್ ಸೇರಿ ಮಾರಾಟವಾಗಿರುತ್ತದೆ, ಇಲ್ಲಿ ದುಡ್ಡು ಸಿಕ್ಕಿಕೊಂಡಿರುತ್ತದೆ, ಯಾರೂ ಬಂದು ಹೇಳುವುದಿಲ್ಲ. ಹಡಗು ಹೊರಟ ಒಂದೆರಡು ವಾರದಲ್ಲಿ ಐಸ್‌ಗೇಟ್ ಜಾಲತಾಣದಲ್ಲಿ ಶಿಪ್ಪಿಂಗ್ ಬಿಲ್ ಸಂಖ್ಯೆ ಹಾಕಿ ಇಜಿಎಂ ಸ್ಥಿತಿ ನೋಡಬೇಕು. ದೋಷ ಕಂಡರೆ ಬ್ರೋಕರ್ ಮೂಲಕ ತಿದ್ದುಪಡಿಗೆ ಕೂಡಲೇ ಹಾಕಬೇಕು. ಹಡಗು ಹೊರಟ ಹೊಸದರಲ್ಲಿ ತಿದ್ದಿಸುವುದು ಸುಲಭ, ವರ್ಷ ಕಳೆದ ಮೇಲೆ ಕನ್ಸಾಲಿಡೇಟರ್ ಫೋನೇ ಎತ್ತುವುದಿಲ್ಲ.

ದರಪಟ್ಟಿ ಕೇಳುವಾಗ ಫಾರ್ವರ್ಡರ್‌ಗೆ ಪೆಟ್ಟಿಗೆಯ ಹೊರ ಅಳತೆ, ಸಂಖ್ಯೆ, ಒಟ್ಟು ತೂಕ, ಕೊಳ್ಳುವವರ ಊರಿನ ಪಿನ್‌ಕೋಡ್ ತನಕ ಬರೆದು, ಎಲ್‌ಸಿಎಲ್ ಮತ್ತು ಇಪ್ಪತ್ತು ಅಡಿಯ ಎಫ್‌ಸಿಎಲ್ ಎರಡಕ್ಕೂ ದರ ಕೇಳಿ. ಹ್ಯಾಂಬರ್ಗ್‌ನಲ್ಲಿ ಸಿಬಿಎಂಗೆ ಎಷ್ಟು, ಕಾಗದಪತ್ರಕ್ಕೆ ಎಷ್ಟು, ಉಚಿತ ದಿನ ಎಷ್ಟು ಎಂಬುದನ್ನು ಏಜೆಂಟನ ಹೆಸರಿನೊಂದಿಗೆ ಬರಹದಲ್ಲಿ ತರಿಸಿಕೊಳ್ಳಿ. ಅಂಕಿ ಕೊಡುವವರು ಒಂದೇ ದಿನದಲ್ಲಿ ಕೊಡುತ್ತಾರೆ. ಅದು ಅಲ್ಲಿಯ ಏಜೆಂಟನ ದರದಂತೆ ಎಂದಷ್ಟೇ ಬರೆದು ಕಳಿಸಿದರೆ ಸಮುದ್ರ ಬಾಡಿಗೆ ಸೊನ್ನೆ ಇದ್ದರೂ ಬೇರೆಯವರನ್ನು ಕೇಳಿ.